ಸೂಜಿ ನಿಂತಲ್ಲೇ, ಬಟ್ಟೆ ಸರಿಯುತ್ತಿದೆ: ವಿಜಯಪುರದ ಕರಿಕಲ್ಲಿನಿಂದ ರಿಯೂನಿಯನ್ ದ್ವೀಪದವರೆಗೆ

1977ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಒಂದು ಸಣ್ಣ ಊರಿಗೆ ಲಾವಾ ನುಗ್ಗಿತು. ಊರಿನ ಹೆಸರು ಪಿಟೋನ್ ಸೇಂಟ್ ರೋಸ್. ಜನ ಮೊದಲೇ ಮನೆ ಬಿಟ್ಟು ಹೋಗಿದ್ದರು. ಲಾವಾ ಮನೆಗಳನ್ನು ಸುಟ್ಟು, ರಸ್ತೆ ದಾಟಿ, ಚರ್ಚಿನ ಎದುರಿಗೆ ಬಂತು. ಎರಡೂ ಪಕ್ಕದಿಂದ ಚರ್ಚನ್ನು ಸುತ್ತಿಕೊಂಡಿತು. ಮುಂಬಾಗಿಲ ಹೊಸ್ತಿಲು ದಾಟಿ ತುಸು ಒಳಗೆ ಬಂದು ಅಲ್ಲೇ ತಣ್ಣಗಾಗಿ ನಿಂತುಬಿಟ್ಟಿತು. ಇವತ್ತಿಗೂ ಆ ಚರ್ಚಿನ ಗೋಡೆಗೆ ಒತ್ತಿಕೊಂಡು ಕಪ್ಪು ಕಲ್ಲಿನ ರಾಶಿ ಬಿದ್ದಿದೆ. ಈಗ ಚರ್ಚಿಗೆ ‘ಲಾವಾಗಳ ಮಾತೆ’ ಎಂದೇ ಹೆಸರು.

ಆ ಕಪ್ಪು ಕಲ್ಲಿಗೂ ವಿಜಯಪುರದ ಗೋಲಗುಮ್ಮಟದ ಕರಿಕಲ್ಲಿಗೂ ಮೂಲ ಒಂದೇ ಎಂದರೆ ತಮಾಷೆ ಅನ್ನಿಸಬಹುದು. ನಡುವೆ ನಾಲ್ಕೂವರೆ ಸಾವಿರ ಕಿ.ಮೀ.ಗೂ ಜಾಸ್ತಿ ದೂರ, ಆರೂವರೆ ಕೋಟಿ ವರ್ಷಗಳ ಅಂತರ. ಆದರೂ ಬಹುತೇಕ ಭೂವಿಜ್ಞಾನಿಗಳ ಲೆಕ್ಕದಲ್ಲಿ ಎರಡೂ ಒಂದೇ ಒಲೆಯಲ್ಲಿ ಬೆಂದವು. ಆ ಒಲೆಗೆ ಹಾಟ್‌ಸ್ಪಾಟ್ ಎಂದು ಹೆಸರು. ಒಲೆ ಹೆಚ್ಚೂ ಕಡಿಮೆ ಇದ್ದಲ್ಲೇ ಇದೆ. ಅದರ ಮೇಲಿದ್ದ ನಾವು ಉತ್ತರಕ್ಕೆ ಸರಿದು ಬಂದಿದ್ದೇವೆ.

ಇದು ಅರ್ಥವಾಗಬೇಕಾದರೆ ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಶಾಲೆಯಲ್ಲಿ ನಾನು ಕಲ್ಪಿಸಿಕೊಂಡಿದ್ದು ಹೀಗೆ: ನಮ್ಮ ಕಾಲಡಿ ತೆಳ್ಳಗೆ ಒಂದು ಕಲ್ಲಿನ ಪದರ, ಅದರ ಕೆಳಗೆ ಕುದಿಯುವ ಲಾವಾದ ಸಮುದ್ರ, ಎಲ್ಲಿ ತೂತು ಬಿದ್ದರೂ ಚಿಮ್ಮುತ್ತದೆ. ಹಾಗಿಲ್ಲ. ಕೆಳಗಿರುವ ಮ್ಯಾಂಟಲ್ ಗಟ್ಟಿ ಕಲ್ಲು. ತುಂಬಾ ಬಿಸಿ ಇರುವುದರಿಂದ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಹರಿಯುತ್ತದೆ, ಅಷ್ಟೇ. ಅಷ್ಟು ಬಿಸಿಯಿದ್ದೂ ಅದೇಕೆ ಕರಗಿಲ್ಲ? ಮೇಲಿನಿಂದ ಒತ್ತಡ ಜಾಸ್ತಿ. ಕುಕ್ಕರ್ ನೆನಪಿಸಿಕೊಳ್ಳಿ. ಒಳಗಿನ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಇರುತ್ತದೆ, ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಒತ್ತಡ ಬಿಟ್ಟ ಕೂಡಲೇ, ಹೊಸದಾಗಿ ಬೆಂಕಿ ಹಾಕದಿದ್ದರೂ, ಅದೇ ನೀರು ಭುಸ್ಸೆಂದು ಆವಿಯಾಗುತ್ತದೆ. ಆಳದ ಕಲ್ಲಿಗೂ ಹೀಗೇ ಒತ್ತಡದ ಕಾವಲು. ಅದು ಕರಗಬೇಕಾದರೆ ಒತ್ತಡ ಇಳಿಯಬೇಕು. ಇಲ್ಲವೇ ಕಲ್ಲಿನ ಕರಗುವ ಮಟ್ಟವೇ ಕೆಳಗಿಳಿಯಬೇಕು. ಜ್ವಾಲಾಮುಖಿಗಳ ಜಾತಿ ಬೇರೆಯಾಗುವುದು ಇಲ್ಲಿ.

ಒಂದು ಜಾತಿ ಅಂಚಿನ ಜ್ವಾಲಾಮುಖಿ, ಭೂಮಿಯ ಹೊರಪದರದ ತುಂಡುಗಳ ಅಂಚಿನಲ್ಲಿ ಹುಟ್ಟುವಂಥದ್ದು. ಅದಕ್ಕೆ ದೂರ ಹೋಗಬೇಕಿಲ್ಲ, ಅಂಡಮಾನಿನಲ್ಲೇ ಒಂದಿದೆ. ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪ. ಅಡ್ಡಗಲ 3 ಕಿ.ಮೀ. ಆಸುಪಾಸು, ಊರಿಲ್ಲ, ಕೇರಿಯಿಲ್ಲ. ಭಾರತದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಇದೊಂದೇ. 1787ರಲ್ಲಿ ಹಡಗಿನವರು ಇದು ಉಗುಳುವುದನ್ನು ನೋಡಿ ಬರೆದಿಟ್ಟಿದ್ದಾರೆ. 19ನೇ ಶತಮಾನದಲ್ಲಿ ಸುಮ್ಮನಾದದ್ದು ಒಂದೂವರೆ ಶತಮಾನ ಮಲಗಿ 1991ರಲ್ಲಿ ಎದ್ದಿತು. ಆಮೇಲೂ ಬಿಟ್ಟು ಬಿಟ್ಟು ಉಗುಳುತ್ತಲೇ ಇದೆ.

ಅಲ್ಲಿ ಆಗುತ್ತಿರುವುದೇನು? ಭೂಮಿಯ ಹೊರಪದರ ದೊಡ್ಡ ದೊಡ್ಡ ಪ್ಲೇಟ್‌ಗಳಾಗಿ ಒಡೆದಿದೆ. ನಮ್ಮ ಕಡೆಯ ಸಮುದ್ರತಳದ ಪ್ಲೇಟ್ ಅಂಡಮಾನಿನ ಪಶ್ಚಿಮಕ್ಕೆ ಬಗ್ಗಿ, ಪೂರ್ವದ ಪ್ಲೇಟಿನ ಅಡಿಗೆ ನುಸುಳುತ್ತಿದೆ. ಕೋಟಿಗಟ್ಟಲೆ ವರ್ಷ ಸಮುದ್ರದಡಿ ಬಿದ್ದಿದ್ದ ಕಲ್ಲು ಅದು. ಅದರ ಖನಿಜಗಳೊಳಗೇ ನೀರು ಸೇರಿಕೊಂಡಿದೆ. ಸುಮಾರು 100 ಕಿ.ಮೀ. ಆಳಕ್ಕೆ ಇಳಿದಾಗ ಬಿಸಿಗೂ ಒತ್ತಡಕ್ಕೂ ಆ ನೀರು ಹಿಂಡಿ ಹೊರಬರುತ್ತದೆ, ಮೇಲಿನ ಬಿಸಿ ಮ್ಯಾಂಟಲ್‌ಗೆ ಸೇರುತ್ತದೆ. ಕುಲ್ಫಿ ಮಾಡುವವರು ಐಸ್‌ಗೆ ಉಪ್ಪು ಹಾಕುವುದನ್ನು ನೋಡಿದ್ದೀರಲ್ವಾ? ಉಪ್ಪು ಬಿದ್ದರೆ ಐಸ್ ಸೊನ್ನೆಗಿಂತ ಕೆಳಗಿನ ಡಿಗ್ರಿಯಲ್ಲೂ ಕರಗುತ್ತದೆ. ಮ್ಯಾಂಟಲ್ ಕಲ್ಲಿಗೆ ನೀರೇ ಆ ಉಪ್ಪು. ಕರಗುವ ಮಟ್ಟ ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಅಂದರೆ ಇಲ್ಲಿ ಯಾರೂ ಹೆಚ್ಚಿಗೆ ಬೆಂಕಿ ಹಾಕಿಲ್ಲ. ಒಳಗೆ ಹೋಗುತ್ತಿರುವ ಪ್ಲೇಟ್ ನಿಜಕ್ಕೂ ತಣ್ಣಗಿನದು. ತಣ್ಣಗಿನ ಕಲ್ಲು ಕೆಳಗೆ ಹೋಗಿ ಜ್ವಾಲಾಮುಖಿ ಹುಟ್ಟಿಸುತ್ತದೆ ಎನ್ನುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುವ ಸಂಗತಿ.

ಇನ್ನೊಂದು ಬಗೆಯ ಅಂಚೂ ಇದೆ. ಸಮುದ್ರದ ನಡುವೆ ಎರಡು ಪ್ಲೇಟ್‌ಗಳು ಒಂದರಿಂದ ಒಂದು ದೂರ ಸರಿಯುವ ಜಾಗ. ಅಲ್ಲಿ ತೆರವಾದ ಜಾಗ ತುಂಬಲು ಕೆಳಗಿನ ಕಲ್ಲು ಮೇಲೆ ಬರುತ್ತದೆ, ಒತ್ತಡ ಇಳಿದು ಸ್ವಲ್ಪ ಕರಗುತ್ತದೆ. ಅದು ಬಹುಪಾಲು ನೀರಿನಡಿಯ ಕೆಲಸ, ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಈ ಸೀಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ರಿಯೂನಿಯನ್ ಇವೆರಡಕ್ಕೂ ಸೇರಿದ್ದಲ್ಲ. ಅದು ಆಫ್ರಿಕಾದ ಕಡೆಯ ಪ್ಲೇಟಿನ ಹೊಟ್ಟೆಯ ಮೇಲಿದೆ, ಹತ್ತಿರದಲ್ಲಿ ಅಂಚಿಲ್ಲ. ಆದರೂ ಅಲ್ಲಿನ ಪಿಟೋನ್ ದೆ ಲಾ ಫುರ್ನೇಸ್ ಜಗತ್ತಿನ ಅತಿ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು. ಸರಾಸರಿ ವರ್ಷಕ್ಕೊಮ್ಮೆಯಾದರೂ ಲಾವಾ ಉಗುಳುತ್ತದೆ. ಎತ್ತರ 2,600 ಮೀಟರ್‌ಗೂ ಸ್ವಲ್ಪ ಜಾಸ್ತಿ. ಪಕ್ಕದಲ್ಲೇ ಅದರ ಅಣ್ಣ ಪಿಟೋನ್ ದೆ ನೇಜ್, 3,000 ಮೀಟರ್ ದಾಟಿದ ಬೆಟ್ಟ, ಸಾವಿರಾರು ವರ್ಷಗಳಿಂದ ಮಲಗಿದೆ. ಸಮುದ್ರದ ತಳದಿಂದ ಅಳೆದರೆ ಈ ಇಡೀ ದ್ವೀಪ ಸುಮಾರು 7 ಕಿ.ಮೀ. ಎತ್ತರದ ಒಂದೇ ಲಾವಾ ಗುಡ್ಡೆ.

ಅಂಚಿಲ್ಲದ ಕಡೆ ಇಷ್ಟೊಂದು ಲಾವಾ ಎಲ್ಲಿಂದ? ಇದೇ ಪ್ರಶ್ನೆ ಹವಾಯಿಯ ಬಗ್ಗೆಯೂ ಇತ್ತು. 1963ರಲ್ಲಿ ಕೆನಡಾದ ಜೆ. ಟುಜೊ ವಿಲ್ಸನ್ ಒಂದು ಉತ್ತರ ಕೊಟ್ಟರು: ಪ್ಲೇಟಿನ ಕೆಳಗೆ ಒಂದು ಬಿಸಿ ಜಾಗ ಅಲುಗಾಡದೆ ಕೂತಿದೆ, ಮೇಲಿನ ನೆಲ ಸರಿಯುತ್ತಾ ಹೋಗುತ್ತದೆ. 1971ರಲ್ಲಿ ಅಮೆರಿಕದ ಜೇಸನ್ ಮಾರ್ಗನ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಮ್ಯಾಂಟಲ್‌ನ ಆಳದಿಂದ ಸುತ್ತಲಿನದಕ್ಕಿಂತ ಬಿಸಿಯಾದ ಕಲ್ಲು ಕಂಬದ ಹಾಗೆ ಮೇಲೇರುತ್ತದೆ ಎಂದರು. ಇದಕ್ಕೆ ಪ್ಲೂಮ್ ಎನ್ನುತ್ತಾರೆ. ಈ ಕಲ್ಲು ಸುತ್ತಲಿನದಕ್ಕಿಂತ ನೂರರಿಂದ ಇನ್ನೂರು ಡಿಗ್ರಿಯಷ್ಟು ಜಾಸ್ತಿ ಬಿಸಿ. ಮೇಲೇರಿದ ಹಾಗೆ ಒತ್ತಡ ಇಳಿಯುತ್ತದೆ, ಕುಕ್ಕರಿನ ನೀರಿನ ಹಾಗೆ ತನ್ನದೇ ಬಿಸಿಗೆ ತಾನೇ ಕರಗುತ್ತದೆ. ನೀರಿನ ಹಂಗಿಲ್ಲ, ಅಂಚಿನ ಹಂಗೂ ಇಲ್ಲ.

ಹುಟ್ಟು ಬೇರೆಯಾದ್ದರಿಂದ ನಡತೆಯೂ ಬೇರೆ. ರಿಯೂನಿಯನ್ನಿನ ಲಾವಾ ತೆಳು. ಒಳಗಿನ ಅನಿಲ ಸುಲಭವಾಗಿ ಬಿಟ್ಟುಹೋಗುತ್ತದೆ. ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುತ್ತದೆ. ಅಂಚಿನ ಜ್ವಾಲಾಮುಖಿಗಳಲ್ಲಿ ನೀರಿನ ಆವಿ ಜಾಸ್ತಿ. ಮೇಲೆ ಬರುವ ದಾರಿಯಲ್ಲಿ ಶಿಲಾರಸ ಬಹಳ ಸಲ ಅಂಟಂಟಾಗುತ್ತದೆ. ಅಂಟಿನೊಳಗೆ ಸಿಕ್ಕಿಕೊಂಡ ಅನಿಲ ಕೊನೆಗೆ ಸಿಡಿಯುತ್ತದೆ. ಬ್ಯಾರನ್ ದ್ವೀಪದ ಸಾಲಿನಲ್ಲೇ ದಕ್ಷಿಣಕ್ಕೆ ಹೋದರೆ ಸುಮಾತ್ರಾ, ಮುಂದೆ 1883ರಲ್ಲಿ ಸಿಡಿದ ಕ್ರಕಟೋವಾ. ಹಾಗಂತ ಸಿಡಿತ ನೋಡಿ ಜಾತಿ ಹೇಳಲು ಹೋಗಬೇಡಿ. ಅಮೆರಿಕದ ಯೆಲ್ಲೋಸ್ಟೋನ್ ಹಾಟ್‌ಸ್ಪಾಟೇ. ಖಂಡದ ದಪ್ಪ ಕಲ್ಲನ್ನು ಕರಗಿಸಿಕೊಂಡು ಬರಬೇಕಾದ್ದರಿಂದ ಅದರ ಶಿಲಾರಸ ಅಂಟು, ಹಿಂದೆ ಭಯಂಕರವಾಗಿ ಸಿಡಿದಿದೆ. ಐಸ್‌ಲ್ಯಾಂಡ್‌ನಲ್ಲಂತೂ ಹಾಟ್‌ಸ್ಪಾಟ್ ಸರಿಯಾಗಿ ಪ್ಲೇಟ್‌ಗಳ ಸೀಳಿನ ಕೆಳಗೇ ಇದೆ. ಅದು ಎರಡೂ ಹೌದು.

ನನ್ನ ಪ್ರಕಾರ ನಂಬಬಹುದಾದ ಗುರುತು ಬೆಟ್ಟದಲ್ಲಿಲ್ಲ, ಬೆಟ್ಟಗಳ ಸಾಲಿನಲ್ಲಿದೆ. ಎರಡೂ ಬಗೆಯವು ಸಾಲಾಗಿಯೇ ನಿಲ್ಲುತ್ತವೆ, ನಕ್ಷೆಯಲ್ಲಿ ಒಂದೇ ಥರ ಕಾಣುತ್ತವೆ. ಬ್ಯಾರನ್‌ನಿಂದ ಸುಮಾತ್ರಾ, ಜಾವಾ, ಬಾಲಿವರೆಗಿನದು ಒಂದು ಬಿಲ್ಲಿನಾಕಾರದ ಸಾಲು. ನುಸುಳುವ ಪ್ಲೇಟಿನ ಉದ್ದಕ್ಕೂ ಒಂದೇ ಸಮಯದಲ್ಲಿ ನೀರು ಒಸರುತ್ತಿರುವುದರಿಂದ ಸಾಲಿನ ಈ ತುದಿಯೂ ಜೀವಂತ, ಆ ತುದಿಯೂ ಜೀವಂತ. ಹಾಟ್‌ಸ್ಪಾಟ್ ಸಾಲಿನಲ್ಲಿ ಹಾಗಾಗದು. ಒಂದು ತುದಿ ಉರಿಯುತ್ತಿರುತ್ತದೆ. ಅಲ್ಲಿಂದ ದೂರ ಹೋದಂತೆ ಬೆಟ್ಟಗಳು ಹಳೆಯವಾಗುತ್ತವೆ, ಸವೆಯುತ್ತವೆ, ಕೊನೆಗೆ ನೀರಿನಡಿ ಮುಳುಗುತ್ತವೆ. ಭೂಕಂಪಗಳೂ ಇದೇ ಮಾತು ಹೇಳುತ್ತವೆ. ಅಂಡಮಾನಿನ ಕೆಳಗೆ ಕಂಪನಗಳು ಪೂರ್ವಕ್ಕೆ ಹೋದಂತೆ ಆಳವಾಗುತ್ತಾ ಇಳಿಜಾರಿನ ಪಟ್ಟಿಯಾಗಿ ಕಾಣುತ್ತವೆ. ಅದು ಒಳಗೆ ಹೋಗುತ್ತಿರುವ ಪ್ಲೇಟಿನದೇ ಅಚ್ಚು. ರಿಯೂನಿಯನ್ನಿನ ಕೆಳಗೆ ಅಂಥ ಪಟ್ಟಿ ಇಲ್ಲ.

ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೂಜಿ ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತದೆ. ಸರಿಯುವುದು ಬಟ್ಟೆ. ಹೊಸ ಹೊಲಿಗೆ ಸೂಜಿಯ ಕೆಳಗೆ, ಹಳೆಯದು ದೂರದಲ್ಲಿ. ಬಟ್ಟೆಯನ್ನು ಜೋರಾಗಿ ಎಳೆದರೆ ಹೊಲಿಗೆಗಳ ನಡುವಿನ ದೂರ ಜಾಸ್ತಿ, ಮೆಲ್ಲಗೆ ಬಿಟ್ಟರೆ ಕಡಿಮೆ.

ಈಗ ರಿಯೂನಿಯನ್ ಸೂಜಿಯ ಮೊದಲ ಹೊಲಿಗೆಗೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಈ ಒಲೆಯ ಮೇಲಿತ್ತು. ಆಗ ಬಂದದ್ದು ಒಂದೆರಡು ಬೆಟ್ಟವಲ್ಲ. ಭೂಗರ್ಭದಲ್ಲಿ ಹೊಸ ಪ್ಲೂಮ್ ಏರುವಾಗ ಅದರ ತಲೆ ದೊಡ್ಡದಾಗಿ ಹರಡಿಕೊಂಡಿರುತ್ತದೆ, ಹಿಂದೆ ಬರುವ ಬಾಲ ಸಪೂರ. ಆ ತಲೆ ಬಡಿದಾಗ ಲಾವಾ ಪದರದ ಮೇಲೆ ಪದರವಾಗಿ ಹರಿದು ದಖನ್ನನ್ನು ಮುಚ್ಚಿತು. ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ. ಮಹಾರಾಷ್ಟ್ರದ ಘಟ್ಟಗಳಲ್ಲಿ ಅದು ಕಿಲೋಮೀಟರ್‌ಗಟ್ಟಲೆ ದಪ್ಪ, ನಮ್ಮ ಕಡೆಗೆ ಬಂದಂತೆ ತೆಳುವಾಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ದಕ್ಷಿಣದ ಸೆರಗು. ಜೋಳ ಬೆಳೆಯುವ ಎರೆಮಣ್ಣು ಆ ಲಾವಾ ಕೊಳೆತು ಆದದ್ದು. ಬೀದರ್ ಕೋಟೆಯ ಕೆಂಪು ಕಲ್ಲು ಸಹ ಅದೇ ಲಾವಾ ಬಿಸಿಲು ಮಳೆಗೆ ಸವೆದು ಕಬ್ಬಿಣ ಉಳಿದು ಕೆಂಪಾದದ್ದು.

ಇಲ್ಲಿ ಒಂದು ಗೊಂದಲ ಸರಿಪಡಿಸಿಬಿಡುತ್ತೇನೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಷಟ್ಕೋನದ ಕಂಬಗಳೂ ಲಾವಾವೇ. ಆದರೆ ದಖನ್ ಲಾವಾ ಅಲ್ಲ. ಅವು ಸುಮಾರು 9 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಕಪ್ಪಗಿದ್ದದ್ದೆಲ್ಲ ಒಂದೇ ಒಲೆಯದಲ್ಲ.

ದಖನ್ ಮುಗಿದ ಮೇಲೆ ಭಾರತ ಉತ್ತರಕ್ಕೆ ಓಡಿತು. ಪ್ಲೂಮಿನ ಸಪೂರ ಬಾಲ ಹಿಂದೆ ಉಳಿದು ಸಮುದ್ರತಳವನ್ನು ಹೊಲಿಯುತ್ತಾ ಹೋಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್. ನಕ್ಷೆ ತೆಗೆದು ನೋಡಿ, ಮೂರೂ ಉತ್ತರ ದಕ್ಷಿಣವಾಗಿ ಒಂದೇ ಗೆರೆಯಲ್ಲಿವೆ. ಲಕ್ಷದ್ವೀಪದ ತಳದಲ್ಲಿ ಹಳೆಯ ಖಂಡದ ತುಣುಕೂ ಸೇರಿದೆ ಎಂಬ ವಾದ ಇದೆ. ಮಾಲ್ಡೀವ್ಸ್ ಮತ್ತು ಚಾಗೋಸ್ ಬಗ್ಗೆ ಗಟ್ಟಿ ಸಾಕ್ಷಿ ಇದೆ, ಏಕೆಂದರೆ ಅಲ್ಲಿ ಕೊರೆದು ನೋಡಿದ್ದಾರೆ.

1987ರಲ್ಲಿ ಜೋಯಿಡೆಸ್ ರೆಸಲ್ಯೂಶನ್ ಎಂಬ ಕೊರೆಯುವ ಹಡಗು ಮಾರಿಷಸ್‌ನಿಂದ ಹೊರಟು ಈ ಗೆರೆಯ ಉದ್ದಕ್ಕೂ ಸಮುದ್ರತಳ ತೂತು ಮಾಡಿತು. ಕೆಸರು, ಸುಣ್ಣಕಲ್ಲು ದಾಟಿ ಕೆಳಗಿನ ಲಾವಾ ಮುಟ್ಟಿ, ತುಂಡು ಮೇಲೆತ್ತಿ ವಯಸ್ಸು ಅಳೆದರು. ಮಾಲ್ಡೀವ್ಸ್ ಹತ್ತಿರದ ತೂತಿನಲ್ಲಿ, ಸಮಭಾಜಕದಿಂದ 5 ಡಿಗ್ರಿ ಉತ್ತರಕ್ಕೆ, ಲಾವಾದ ವಯಸ್ಸು ಸುಮಾರು 5.7 ಕೋಟಿ ವರ್ಷ. ಚಾಗೋಸ್ ಹತ್ತಿರದಲ್ಲಿ, 4 ಡಿಗ್ರಿ ದಕ್ಷಿಣಕ್ಕೆ, ಸುಮಾರು 4.9 ಕೋಟಿ ವರ್ಷ. ಎರಡರ ನಡುವೆ ಸಾವಿರ ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಸಮಯ 80 ಲಕ್ಷ ವರ್ಷ. ಭಾಗಿಸಿದರೆ ವರ್ಷಕ್ಕೆ ಸುಮಾರು 13 ಸೆಂ.ಮೀ. ಬರುತ್ತದೆ. ಇವತ್ತು ಭಾರತ ಸರಿಯುತ್ತಿರುವುದು ವರ್ಷಕ್ಕೆ 5 ಸೆಂ.ಮೀ. ಆಸುಪಾಸು. ಏಷ್ಯಾಕ್ಕೆ ಡಿಕ್ಕಿ ಹೊಡೆದು ವೇಗ ಕಡಿಮೆಯಾಗುವ ಮುಂಚೆ ನಮ್ಮ ನೆಲದ ಓಟ ಎಷ್ಟಿತ್ತು ಎನ್ನುವುದು ಎರಡು ಕಲ್ಲಿನ ತುಂಡಿನಿಂದ ಸಿಕ್ಕಿಬಿಟ್ಟಿತು.

ಚಾಗೋಸ್ ದಾಟಿದ ಮೇಲೆ ಗೆರೆ ತಪ್ಪಿಹೋಗುತ್ತದೆ. ಮುಂದಿನ ಹೊಲಿಗೆ ಅಲ್ಲಿ ಇಲ್ಲ. ದೂರ ನೈಋತ್ಯಕ್ಕೆ, ನಜರೆತ್ ಎಂಬ ಮುಳುಗಿದ ದಿಬ್ಬದ ಬಳಿ ಮತ್ತೆ ಸಿಗುತ್ತದೆ. ನಡುವೆ ಇರುವುದು, ಆಗಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಸೀಳು. ಭಾರತದ ಪ್ಲೇಟೂ ಆಫ್ರಿಕಾದ ಪ್ಲೇಟೂ ದೂರ ಸರಿಯುವ ಅಂಚು. ಈ ಸೀಳೂ ನಿಂತಲ್ಲಿ ನಿಲ್ಲುವುದಿಲ್ಲ, ಪ್ಲೇಟ್‌ಗಳ ಜೊತೆ ತಾನೂ ಜರುಗುತ್ತದೆ. ಮೂರೂವರೆ ನಾಲ್ಕು ಕೋಟಿ ವರ್ಷಗಳ ಹಿಂದೆ ಅದು ಈಶಾನ್ಯಕ್ಕೆ ಜರುಗುತ್ತಾ ಸರಿಯಾಗಿ ಹಾಟ್‌ಸ್ಪಾಟಿನ ಮೇಲೆ ಹಾದುಹೋಯಿತು. ಎರಡು ಬಟ್ಟೆ ಕೂಡುವ ಜಾಗ ಸೂಜಿಯ ಕೆಳಗೆ ಬಂದು ದಾಟಿದ ಹಾಗೆ. ಅಲ್ಲಿಯವರೆಗೆ ಭಾರತದ ಬಟ್ಟೆಗೆ ಬೀಳುತ್ತಿದ್ದ ಹೊಲಿಗೆ ಅಲ್ಲಿಂದ ಆಫ್ರಿಕಾದ ಬಟ್ಟೆಗೆ ಬಿತ್ತು. ಆಮೇಲೆ ಎರಡೂ ಬಟ್ಟೆ ದೂರ ದೂರ ಹೋದವು, ಸಾಲು ಎರಡು ತುಂಡಾಯಿತು.

ಅಂಚಿನ ಜ್ವಾಲಾಮುಖಿಗೂ ಹಾಟ್‌ಸ್ಪಾಟಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಚು ಬಂತು, ಮೇಲೆ ಹಾದು ಹೋಯಿತು, ಒಲೆ ಮಾತ್ರ ಆರಲಿಲ್ಲ. ಅಂಚಿನಿಂದ ಹುಟ್ಟಿದ ಒಲೆಯಾಗಿದ್ದರೆ ಅಂಚಿನ ಜೊತೆಗೇ ಹೋಗಬೇಕಿತ್ತು.

ಹೊಸ ಬಟ್ಟೆಯ ವೇಗವನ್ನೂ ಲೆಕ್ಕ ಹಾಕಬಹುದು. ನಜರೆತ್ ದಿಬ್ಬದ ಅಂಚಿನಲ್ಲಿ ಅದೇ ಹಡಗು ಕೊರೆದಾಗ ಸಿಕ್ಕ ಲಾವಾಗೆ ಸುಮಾರು 3.3 ಕೋಟಿ ವರ್ಷ. ಅಲ್ಲಿಂದ ರಿಯೂನಿಯನ್‌ಗೆ ಹೆಚ್ಚೂಕಡಿಮೆ 1,100 ಕಿ.ಮೀ. ಅಂದರೆ ವರ್ಷಕ್ಕೆ 3 ಸೆಂ.ಮೀ. ಚಿಲ್ಲರೆ. ಭಾರತದ ಪ್ಲೇಟಿಗೆ 80 ಲಕ್ಷ ವರ್ಷ ಸಾಕಾದ ದೂರಕ್ಕೆ ಆಫ್ರಿಕಾದ ಪ್ಲೇಟ್ 3.3 ಕೋಟಿ ವರ್ಷ ತೆಗೆದುಕೊಂಡಿದೆ. ಈ ದಾರಿಯಲ್ಲೇ ಮಾರಿಷಸ್ ಇದೆ. ಅದರ ಅತಿ ಹಳೆಯ ಲಾವಾಗೆ 80-90 ಲಕ್ಷ ವರ್ಷ. ರಿಯೂನಿಯನ್ನಿನಲ್ಲಿ ನೀರಿನ ಮೇಲೆ ಕಾಣುವ ಹಳೆಯ ಕಲ್ಲಿಗೆ ಸುಮಾರು 20 ಲಕ್ಷ. ಸಾಲಿನ ವಯಸ್ಸು ತಪ್ಪದೆ ಇಳಿಯುತ್ತಾ ಬರುತ್ತದೆ.

ಸೂಜಿ ನಿಜವಾಗಿಯೂ ಅಲುಗಾಡುವುದಿಲ್ಲವೇ? ಸ್ವಲ್ಪ ಅಲುಗಾಡುತ್ತದೆ. ಲಾವಾ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ದಿಕ್ಸೂಚಿಯ ಮುಳ್ಳಿನ ಹಾಗೆ ಭೂಮಿಯ ಕಾಂತ ರೇಖೆಗೆ ಹೊಂದಿಕೊಂಡು ಹೆಪ್ಪುಗಟ್ಟುತ್ತವೆ. ಸಮಭಾಜಕದಲ್ಲಿ ಆ ರೇಖೆ ಅಡ್ಡ ಮಲಗಿರುತ್ತದೆ, ಧ್ರುವದಲ್ಲಿ ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಓರೆ ಎಷ್ಟು ಎಂದು ಅಳೆದರೆ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಎಂದು ಗೊತ್ತಾಗುತ್ತದೆ. ದಖನ್ ಕಲ್ಲುಗಳು ಸುಮಾರು 30 ಡಿಗ್ರಿ ದಕ್ಷಿಣ ಎನ್ನುತ್ತವೆ. ರಿಯೂನಿಯನ್ ಇರುವುದು 21 ಡಿಗ್ರಿ ದಕ್ಷಿಣದಲ್ಲಿ. ಒಂಬತ್ತು ಡಿಗ್ರಿ ಎಂದರೆ ಸಾವಿರ ಕಿ.ಮೀ. ಪ್ಲೂಮೇ ಜರುಗಿರಬಹುದು, ಅಥವಾ ಇಡೀ ಭೂಮಿಯ ಮೈ ಅಕ್ಷದ ಮೇಲೆ ಸ್ವಲ್ಪ ವಾಲಿರಬಹುದು. ಆರೂವರೆ ಕೋಟಿ ವರ್ಷದಲ್ಲಿ ಸಾವಿರ ಕಿ.ಮೀ. ಎಂದರೆ ವರ್ಷಕ್ಕೆ ಒಂದೂವರೆ ಸೆಂ.ಮೀ. ಪ್ಲೇಟಿನ ಓಟದ ಮುಂದೆ ಅದು ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಪ್ಲೂಮ್ ಎನ್ನುವುದೇ ಇಲ್ಲ, ಪ್ಲೇಟಿನಲ್ಲಿ ಬಿರುಕು ಬಿಟ್ಟ ಕಡೆ ಲಾವಾ ಬರುತ್ತದೆ ಅಷ್ಟೇ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಈ ಜಗಳ ತೀರಿಸಲು 2012-13ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯವರು ರಿಯೂನಿಯನ್ ಸುತ್ತ ಸಮುದ್ರತಳದಲ್ಲಿ 57 ಭೂಕಂಪಮಾಪಕಗಳನ್ನು ಇಳಿಸಿದರು. ದೂರದ ಭೂಕಂಪದ ಅಲೆ ಬಿಸಿ ಕಲ್ಲಿನಲ್ಲಿ ನಿಧಾನವಾಗುತ್ತದೆ. ಆ ತಡವನ್ನು ಕೂಡಿಸಿ ಒಳಗಿನ ಚಿತ್ರ ಬಿಡಿಸಿದಾಗ ಆಳದಿಂದ ಬರುವ ಬಿಸಿ ಕಲ್ಲು ಕಂಡಿತು. ಆದರೆ ನೆಟ್ಟಗಿನ ಕಂಬದ ಹಾಗಲ್ಲ, ಕೊಂಬೆ ಚಾಚಿದ ಮರದ ಹಾಗೆ.

ಇನ್ನು ಹಳೆಯ ಹೊಲಿಗೆಗಳ ಗತಿ. ಒಲೆಯಿಂದ ದೂರ ಸರಿದ ದ್ವೀಪಕ್ಕೆ ಹೊಸ ಲಾವಾ ಇಲ್ಲ. ಮಳೆಯೂ ಅಲೆಯೂ ಮೇಲಿನಿಂದ ಸವೆಸುತ್ತವೆ. ಕೆಳಗಿನ ಪ್ಲೇಟ್ ತಣ್ಣಗಾದಂತೆ ಭಾರವಾಗಿ ಕುಸಿಯುತ್ತದೆ, ಬೆಟ್ಟವೂ ಜೊತೆಗೆ ಮುಳುಗುತ್ತದೆ. ಬೆಚ್ಚಗಿನ ನೀರಿನಲ್ಲಿ ಮಾತ್ರ ಒಂದು ವಿಶೇಷ. ಬೆಟ್ಟದ ಸುತ್ತ ಹವಳ ಬೆಳೆದಿರುತ್ತದೆ. ಹವಳಕ್ಕೆ ಬೆಳಕು ಬೇಕು, ಹಾಗಾಗಿ ಬೆಟ್ಟ ಇಳಿದಷ್ಟೂ ಅದು ಮೇಲಕ್ಕೆ ಕಟ್ಟುತ್ತಾ ಹೋಗುತ್ತದೆ. ಕೊನೆಗೆ ನಡುವಿನ ಬೆಟ್ಟ ಕಾಣೆಯಾಗಿ ಹವಳದ ಬಳೆ ಮಾತ್ರ ಉಳಿಯುತ್ತದೆ. ಪ್ಲೇಟ್‌ಗಳ ವಿಷಯ ಯಾರಿಗೂ ಗೊತ್ತಿಲ್ಲದ 1842ರಲ್ಲೇ ಚಾರ್ಲ್ಸ್ ಡಾರ್ವಿನ್ ಹೀಗಾಗಿರಬೇಕು ಎಂದು ಊಹಿಸಿ ಬರೆದಿದ್ದರು. ಮಾಲ್ಡೀವ್ಸ್‌ನಲ್ಲಿ ತೈಲ ಹುಡುಕಲು ಕೊರೆದಾಗ ಲಾವಾ ಸಿಕ್ಕಿದ್ದು 2 ಕಿ.ಮೀ. ದಪ್ಪದ ಸುಣ್ಣದ ಪದರ ದಾಟಿದ ಮೇಲೆ.

ಮಂಗಳೂರಿನ ಹಳೆ ಬಂದರಿಗೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಇಂದಿಗೂ ಮಂಜಿಗಳು ಇಲ್ಲಿಂದ ಸಾಮಾನು ಹೊತ್ತು ಅಲ್ಲಿಗೆ ಹೋಗುತ್ತವೆ. ಅಕ್ಕಿ, ತರಕಾರಿ ಸರಿ. ಜೊತೆಗೆ ಜಲ್ಲಿ, ಮರಳು. ದ್ವೀಪದಲ್ಲಿರುವುದೆಲ್ಲ ಹವಳದ ಸುಣ್ಣ. ಲಾವಾ ಸಾಲಿನ ಮೇಲೆ ಕೂತ ಊರಿನಲ್ಲಿ ಮನೆ ಕಟ್ಟಲು ಒಂದು ಗಟ್ಟಿ ಕಲ್ಲು ಬೇಕೆಂದರೆ ಮಂಗಳೂರಿನಿಂದ ಮಂಜಿ ಬರಬೇಕು.